ಮೊಳೆಯದ ಬೀಜ, ಅಂಗಡಿಗೊಂದು ಪತ್ರ



ಹೋದ ಮುಂಗಾರಿನಲ್ಲಿ ಉಪ್ಪಿನಬೆಟಗೇರಿಯ ರೈತರೊಬ್ಬರು ಕಾಗದವೊಂದನ್ನು ಹಿಡಿದು ನನ್ನ ಕಡೆಗೆ ಬಂದರು. ಎರಡು ಎಕರೆ ಎರಿ ಹೊಲದಲ್ಲಿ ಬಿತ್ತಿದ ಸೋಯಾಬೀನ ಅರ್ಧಕ್ಕರ್ಧ ಹುಟ್ಟಿರಲಿಲ್ಲ. ಬೀಜ ಮಾರಿದ ಅಂಗಡಿಯವರಿಗೆ ಬರೆದ ಕಾಗದವದು. "ನೀವು ಮೋಸಗಾರರು, ನಿಮ್ಮನ್ನು ಬಿಡೂದಿಲ್ಲ" ಎಂದು ಎರಡು ಪುಟ ತುಂಬಿತ್ತು. ಯಾವ ಬೀಜ, ಎಂದು ಕೊಂಡದ್ದು, ಈಗ ಏನು ಕೊಡಬೇಕು ಎಂಬುದು ಮಾತ್ರ ಎಲ್ಲಿಯೂ ಇರಲಿಲ್ಲ.

"ಸಾಹೇಬರ, ಸಿಟ್ಟು ಬರೂದಿಲ್ಲೇನ್ರಿ?" ಎಂದರು. ಬರುತ್ತದೆ. ಆದರೆ ಅಂಗಡಿಯವರು ಸಿಟ್ಟಿಗೆ ಉತ್ತರ ಕೊಟ್ಟು, ಬೀಜದ ಮಾತು ಬಿಟ್ಟುಬಿಡುತ್ತಾರೆ. "ಆಳ ಬಿತ್ತೀರಿ, ಮಳಿ ಬಡದು ಮಣ್ಣು ಹೆಪ್ಪುಗಟ್ಟೇತಿ" ಎನ್ನುತ್ತಾರೆ. ಅದು ಕೆಲವೊಮ್ಮೆ ನಿಜವೂ ಹೌದು. ಸೋಯಾಬೀನ ಕಾಳಿನ ಸಿಪ್ಪೆ ಬಹಳ ತೆಳುವು. ಚೀಲವನ್ನು ಎತ್ತಿ ಒಗೆದರೂ ಮೊಳಕೆ ಕೆಡುತ್ತದೆ.

ಪುಣ್ಯಕ್ಕೆ ಚೀಲದ ತಳದಲ್ಲಿ ಒಂದಿಷ್ಟು ಬೀಜ ಉಳಿದಿತ್ತು. 100 ಕಾಳು ಎಣಿಸಿ, ಹಸಿ ಗೋಣಿತಟ್ಟಿನಲ್ಲಿ ಸುತ್ತಿ, ಆರಗೊಡದೆ ಒಂದು ವಾರ ಇಟ್ಟೆವು. 41 ಮೊಳೆತವು. ಆ ಮೇಲೆ ಕೂತು ಹೀಗೆ ಬರೆದೆವು:

"ಜೂನ್ 8ರಂದು ನಿಮ್ಮಲ್ಲಿ ಸೋಯಾಬೀನ ಬೀಜದ 30 ಕಿಲೋದ ಎರಡು ಚೀಲ ಕೊಂಡೆನು. ಪಾವತಿಯ ಹಾಗೂ ಚೀಲದ ಚೀಟಿಯ ನಕಲು ಜೋಡಿಸಿದೆ. ಲಾಟ್ ನಂಬರು ಅದರಲ್ಲಿದೆ. ಜೂನ್ 10ರಂದು ಹಸಿ ನೋಡಿ, ಒಂದೂವರೆ ಇಂಚು ಆಳಕ್ಕೆ ಬಿತ್ತಿದೆನು. ಆ ಮೇಲೆ ಬಿರುಮಳೆ ಆಗಿಲ್ಲ. ಚೀಟಿಯಲ್ಲಿ ಮೊಳಕೆ ಕನಿಷ್ಠ 70 ಎಂದಿದೆ. ಉಳಿದ ಬೀಜದಲ್ಲಿ 100ಕ್ಕೆ 41 ಮೊಳೆತಿವೆ. ಜೂನ್ 27ರೊಳಗೆ ತಾವು ಹೊಲ ನೋಡಬೇಕು. 30ರೊಳಗೆ ಬೇರೆ ಲಾಟಿನ ಎರಡು ಚೀಲ ಕೊಡಬೇಕು, ಇಲ್ಲವೆ ಬೀಜದ ಹಣ ಮರಳಿಸಬೇಕು. ಮರುಬಿತ್ತಿಗೆಯ ಖರ್ಚಿನ ಲೆಕ್ಕವನ್ನು ಬೇರೆ ಕೊಡುವೆನು."

ಬಿತ್ತಿದ ಆಳ, ಮಳೆಯ ಮಾತು ಯಾಕೆ ಬೇಕು ಎನ್ನುವಿರಾ? ಅವರು ಕೇಳುವ ಮೊದಲ ಪ್ರಶ್ನೆಯೇ ಅದು. ನಿಜವಾಗಿ ಬಿರುಮಳೆ ಆಗಿದ್ದರೆ ಅದನ್ನೂ ಬರೆಯಿರಿ. ಮುಚ್ಚಿಟ್ಟದ್ದು ಹೊರಬಿದ್ದರೆ ಉಳಿದ ಮಾತನ್ನೂ ಯಾರೂ ನಂಬುವುದಿಲ್ಲ. ತಾರೀಖು ಹಾಕಿದ್ದು ಬಿತ್ತುವ ಹದ ಮೀರಬಾರದೆಂದು.

ಗೋಣಿತಟ್ಟಿನ ಪರೀಕ್ಷೆ ನಮ್ಮ ತಿಳಿವಳಿಕೆಗಷ್ಟೇ. ಒಡೆದ ಚೀಲದ ಬೀಜವನ್ನು "ನಮ್ಮದಲ್ಲ" ಎಂದುಬಿಡಬಹುದು. ಅದೇ ಲಾಟಿನ ಒಡೆಯದ ಚೀಲ ಅಂಗಡಿಯಲ್ಲಿದ್ದರೆ, ಬೀಜ ಪರಿವೀಕ್ಷಕರು ಅದರ ಮಾದರಿ ತೆಗೆದು ಸರಕಾರಿ ಪ್ರಯೋಗಾಲಯಕ್ಕೆ ಕಳಿಸಬಲ್ಲರು. ಲಾಟ್ ನಂಬರು ಬೇಕಾಗುವುದು ಅದಕ್ಕೇ. ಪತ್ರದ ಒಂದು ಪ್ರತಿಯನ್ನು ರೈತ ಸಂಪರ್ಕ ಕೇಂದ್ರಕ್ಕೆ ಕೊಟ್ಟು, ಅಧಿಕಾರಿಗಳು ನೋಡಿ ಬರೆದುಕೊಳ್ಳುವತನಕ ಹೊಲ ಹರಗಬೇಡಿರಿ. ಅಂಗಡಿಯವರಿಂದ ನಿಮ್ಮ ಪ್ರತಿಯ ಮೇಲೆ ಸಹಿ, ಸಿಕ್ಕಾ ಹಾಕಿಸಿಕೊಳ್ಳಿರಿ. ಅವರು ಒಲ್ಲೆನೆಂದರೆ ಅಂಚೆಯಲ್ಲಿ ಕಳಿಸಿ ರಸೀದಿ ಇಟ್ಟುಕೊಳ್ಳಿರಿ. ಬೀಜ ಕೊಂಡ ರೈತನೂ ಗ್ರಾಹಕನೇ ಎಂದು 2012ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ; ಮುಂದೆ ಗ್ರಾಹಕರ ಆಯೋಗಕ್ಕೆ ಹೋಗುವುದಾದರೆ ಈ ಕಾಗದಗಳೇ ಆಧಾರ.

ಅಂಗಡಿಯವರು ಮೂರನೆಯ ದಿನ ಹೊಲಕ್ಕೆ ಬಂದರು. ಎರಡು ಚೀಲ ಬೀಜವನ್ನೂ ಕೊಟ್ಟರು. ಕೂರಿಗೆಯ ಬಾಡಿಗೆ ಮಾತ್ರ ಇನ್ನೂ ಬಂದಿಲ್ಲ. ಅದಕ್ಕೆ ಎರಡನೆಯ ಪತ್ರ ಹೋಗಿದೆ.