ಎರೆಮಣ್ಣಿನ ಮೇಲೆ ಮನೆ



ನಮ್ಮ ಎರೆಮಣ್ಣಿಗೆ ಶಕ್ತಿಯಿಲ್ಲ, ಅದಕ್ಕೇ ಗೋಡೆ ಸೀಳುತ್ತದೆ ಎಂದು ಹೇಳುವುದುಂಟು. ಒಣಗಿದ ಎರೆಯನ್ನು ಹಾರೆಯಿಂದ ಅಗೆದವರಿಗೆ ಅದರ ಗಟ್ಟಿತನ ಗೊತ್ತು. ತೊಂದರೆ ಇರುವುದು ನೀರಿನ ಏರುಪೇರಿನಲ್ಲಿ. ಮಳೆಗೆ ಉಬ್ಬಿ ಬೇಸಿಗೆಗೆ ಕುಗ್ಗುವ ಮಣ್ಣು, ಮನೆಯ ಒಂದು ಮೂಲೆಯನ್ನು ಎತ್ತಿ ಇನ್ನೊಂದನ್ನು ಬಿಟ್ಟಾಗ ಗೋಡೆ ಓರೆಯಾಗಿ ಬಿರಿಯುತ್ತದೆ. ಬೇಸಿಗೆಯಲ್ಲಿ ಅಗಲವಾಗಿ ಮಳೆಗಾಲದಲ್ಲಿ ಮುಚ್ಚಿಕೊಳ್ಳುವ ಬಿರುಕು ಕಂಡರೆ ಎರೆಯ ಮೇಲೆ ಅನುಮಾನ ಪಡಿ. ಬಿರುಕಿನ ಎರಡೂ ಬದಿಗೆ ಪೆನ್ಸಿಲ್ ಗುರುತು ಹಾಕಿ, ತಾರೀಖು ಬರೆದು, ತಿಂಗಳಿಗೊಮ್ಮೆ ಅಳೆದರೆ ತಿಳಿಯುತ್ತದೆ.

ಮಣ್ಣು ಎಷ್ಟು ಉಬ್ಬೀತು ಎಂಬುದನ್ನು ಈ ಶಾಲೆಯ ವಿಜ್ಞಾನ ಕೋಣೆಯಲ್ಲೇ ನೋಡಬಹುದು. ಒಲೆಯಲ್ಲಿ ಒಣಗಿಸಿ, 425 ಮೈಕ್ರಾನ್ ಜರಡಿ ಹಿಡಿದ ಮಣ್ಣನ್ನು ಹತ್ತು ಹತ್ತು ಗ್ರಾಂನಂತೆ 100 ಮಿ.ಲೀ. ಅಳತೆಯ ಎರಡು ಜಾಡಿಗಳಿಗೆ ಹಾಕಿ. ಒಂದಕ್ಕೆ ಸೀಮೆಎಣ್ಣೆ, ಇನ್ನೊಂದಕ್ಕೆ ಬಟ್ಟಿ ಇಳಿಸಿದ ನೀರು ತುಂಬಿ, ಕಲಕಿ ಗಾಳಿಗುಳ್ಳೆ ಬಿಡಿಸಿ, 24 ಗಂಟೆ ಬಿಡಿ. ಸೀಮೆಎಣ್ಣೆಯಲ್ಲಿ ಈ ಮಣ್ಣು ಉಬ್ಬುವುದಿಲ್ಲ. ಅಲ್ಲಿ ಮಣ್ಣು 10 ಮಿ.ಲೀ. ಇದ್ದು, ನೀರಿನಲ್ಲಿ 18 ಆದರೆ ಉಬ್ಬು ಶೇಕಡಾ 80. ಐವತ್ತು ದಾಟಿತೆಂದರೆ ಪಾಯದ ಬಗ್ಗೆ ಎಂಜಿನಿಯರನ್ನು ಕೇಳಲೇಬೇಕು. ಮಣ್ಣು ಎಷ್ಟು ಬಲದಿಂದ ಎತ್ತುತ್ತದೆ ಎಂಬುದನ್ನು ಮಾತ್ರ ಜಾಡಿ ಹೇಳದು. ಅದಕ್ಕೆ ಕದಡದೆ ತೆಗೆದ ಮಣ್ಣಿನ ಗಟ್ಟಿ ಪ್ರಯೋಗಾಲಯಕ್ಕೆ ಹೋಗಬೇಕು.

ಇಂಥ ನೆಲಕ್ಕೆಂದೇ ರೂರ್ಕಿಯ ಕಟ್ಟಡ ಸಂಶೋಧನಾ ಸಂಸ್ಥೆಯವರು ಬೆಳೆಸಿದ್ದು ಅಂಡರ್‌ರೀಮ್ಡ್ ಪೈಲ್. 30 ಸೆಂ.ಮೀ. ಅಗಲದ ಗುಂಡಿಯನ್ನು ಆಳವಾದ ಎರೆಯಲ್ಲಿ ಕನಿಷ್ಠ ಮೂರೂವರೆ ಮೀಟರ್ ಕೊರೆದು, ತಳದ ಹತ್ತಿರ ವಿಶೇಷ ಉಪಕರಣದಿಂದ 75 ಸೆಂ.ಮೀ.ಗೆ ಅಗಲಿಸಿ, ಸರಳು ಇಳಿಸಿ ಕಾಂಕ್ರೀಟ್ ತುಂಬುತ್ತಾರೆ. ಅಷ್ಟು ಆಳದಲ್ಲಿ ಮಳೆ-ಬಿಸಿಲಿನ ಏರುಪೇರು ಬಹಳ ಕಡಿಮೆ. ಮೇಲಿನ ಮಣ್ಣು ಉಬ್ಬುತ್ತಾ ಕಂಬವನ್ನು ಮೇಲಕ್ಕೆಳೆದರೆ ಕೆಳಗಿನ ಗಡ್ಡೆ ಹಿಡಿದು ನಿಲ್ಲಿಸುತ್ತದೆ. ಆ ಎಳೆತ ತಡೆಯಲು ಸರಳು ತಳದವರೆಗೂ ಇರಬೇಕು.

ಕೆಲಸ ಕೆಡುವುದು ಹೆಚ್ಚಾಗಿ ಇದರ ಮೇಲೆ. ಪೈಲ್‌ಗಳನ್ನು ಜೋಡಿಸುವ ತೊಲೆಯ ಕೆಳಗೆ ಕನಿಷ್ಠ 8 ಸೆಂ.ಮೀ. ಖಾಲಿ ಜಾಗ ಬಿಡಬೇಕು, ಮಣ್ಣು ಉಬ್ಬಲು. ಅಂದ ಕೆಡುತ್ತದೆಂದು ಮೇಸ್ತ್ರಿ ಅಲ್ಲಿ ಇಟ್ಟಿಗೆ ಚೂರು, ಮಣ್ಣು ತುರುಕಿದರೆ ಉಬ್ಬಿದ ನೆಲ ನೇರ ತೊಲೆಯನ್ನೇ ಎತ್ತುತ್ತದೆ. ಪೈಲ್‌ಗೆ ಸುರಿದ ಹಣ ದಂಡ. ತೊಲೆ ಹಾಕುವ ದಿನ ಮಾಲೀಕರು ಬಗ್ಗಿ ನೋಡುವುದು ಲೇಸು.

ಈಗಾಗಲೇ ಕಟ್ಟಿದ ಮನೆಗೆ ಉಳಿದಿರುವುದು ನೀರನ್ನು ಹದ್ದುಬಸ್ತಿನಲ್ಲಿಡುವುದು. ಗೋಡೆಯ ಸುತ್ತ ಎರಡು ಮೀಟರಿನಷ್ಟು ಅಗಲಕ್ಕೆ, ಹೊರಕ್ಕೆ ಇಳಿಜಾರಾಗಿ ಕಾಂಕ್ರೀಟ್ ಹಾಸು ಮಾಡಿಸಿ, ಗೋಡೆಗೂ ಹಾಸಿಗೂ ನಡುವಿನ ಸಂದನ್ನು ಡಾಂಬರಿನಿಂದ ಮುಚ್ಚಿ. ಮಾಳಿಗೆಯ ನೀರು, ಬಚ್ಚಲ ನೀರು ಅದರಾಚೆ ಹರಿಯಲಿ. ಗೋಡೆಗೆ ಅಂಟಿ ಹೂದೋಟ ಬೇಡ. ಬೇವು, ಅರಳಿಯಂಥ ಮರಗಳೂ ಬೇರಿನಿಂದ ನೀರು ಹೀರಿ ಒಂದು ಬದಿಯನ್ನು ಕುಗ್ಗಿಸುತ್ತವೆ. ಮರ ಬೆಳೆದಾಗ ಎಷ್ಟು ಎತ್ತರವೋ ಅಷ್ಟು ದೂರ ನೆಡಿ. ಬಿರುಕಿಗೆ ಸಿಮೆಂಟು ಮೆತ್ತುವುದು ಇಷ್ಟೆಲ್ಲ ಆಗಿ, ಒಂದು ಮಳೆ ಒಂದು ಬೇಸಿಗೆ ಕಳೆದ ಮೇಲೆ, ಪೆನ್ಸಿಲ್ ಗುರುತು ಕದಲದಿದ್ದರೆ ಮಾತ್ರ.