ಬ್ರಷ್ ಇಲ್ಲದ ಮೋಟಾರಿನ ಆರು ಹೆಜ್ಜೆಗಳು
(ಶಾಲೆಯ ವಿಜ್ಞಾನ ಸಂಘದಲ್ಲಿ ಮಾಡಿದ ಭಾಷಣ)



ವಿದ್ಯುತ್ ಸೈಕಲ್ಲಿನ ಗಾಲಿಯೊಂದನ್ನು ನಾವು ಈ ಮೇಜಿನ ಮೇಲೆ ಇರಿಸಿದ್ದೇವೆ. ಇದರ ನಡುವಣ ಮೋಟಾರಿನಲ್ಲಿ ತಂತಿಯ ಸುರುಳಿಗಳು ಸ್ಥಿರವಾಗಿರುತ್ತವೆ. ಅವುಗಳ ಸುತ್ತ 46 ಅಯಸ್ಕಾಂತಗಳು ತಿರುಗುತ್ತವೆ. ಹಳೆಯ ಮೋಟಾರಿನಲ್ಲಿ ವಿದ್ಯುತ್ತಿನ ದಾರಿಯನ್ನು ಸಕಾಲದಲ್ಲಿ ಬದಲಿಸುತ್ತಿದ್ದ ಬ್ರಷ್ ಇಲ್ಲಿಲ್ಲ. ಆ ಕೆಲಸವನ್ನು ಆರು ಟ್ರಾನ್ಸಿಸ್ಟರುಗಳ ಸೇತುವೆಯು ನಿರ್ವಹಿಸುತ್ತದೆ.

ಸುರುಳಿಗಳ ಗುಂಪು ಮೂರು. ಅವನ್ನು ಕ, ಖ, ಗ ಎನ್ನೋಣ. ಒಂದೊಂದಕ್ಕೂ ಮೇಲೊಂದು, ಕೆಳಗೊಂದು ಟ್ರಾನ್ಸಿಸ್ಟರು. ಒಂದೇ ಗುಂಪಿನ ಮೇಲಿನದೂ ಕೆಳಗಿನದೂ ಏಕಕಾಲಕ್ಕೆ ತೆರೆದರೆ ಬ್ಯಾಟರಿಯ ಎರಡು ತುದಿಗಳು ನೇರವಾಗಿ ಕೂಡಿ ಅವು ಸುಟ್ಟುಹೋಗುತ್ತವೆ. ಅಯಸ್ಕಾಂತವು ಎಲ್ಲಿದೆಯೆಂಬುದನ್ನು ಮೂರು ಹಾಲ್ ಸಂವೇದಕಗಳು 1 ಅಥವಾ 0 ಎಂದು ತಿಳಿಸುತ್ತವೆ. ಪ್ರತಿ ಸ್ಥಿತಿಯಲ್ಲಿಯೂ ವಿದ್ಯುತ್ತು ಒಂದು ಗುಂಪಿನಿಂದ ಹೊಕ್ಕು ಇನ್ನೊಂದರಿಂದ ಹೊರಬೀಳುವುದು, ಮೂರನೆಯದು ಸುಮ್ಮನಿರುವುದು:

```
101  ಕ→ಖ
100  ಕ→ಗ
110  ಖ→ಗ
010  ಖ→ಕ
011  ಗ→ಕ
001  ಗ→ಖ
```

ಒಂದು ಸಲಕ್ಕೆ ಒಂದೇ ಅಂಕೆ ಬದಲಾಗುವುದನ್ನು ಗಮನಿಸಿರಿ. 000 ಅಥವಾ 111 ಕಂಡರೆ ಸಂವೇದಕದ ತಂತಿ ಕಡಿದಿದೆಯೆಂದು ತಿಳಿದು ಆರು ಟ್ರಾನ್ಸಿಸ್ಟರುಗಳನ್ನೂ ಮುಚ್ಚಬೇಕು. ಅಯಸ್ಕಾಂತದ ಒಂದು ಜೋಡಿ ದಾಟುವಾಗ ಈ ಆರು ಹೆಜ್ಜೆಗಳು, ಅಂದರೆ 360 ವಿದ್ಯುತ್ ಅಂಶಗಳು, ಮುಗಿಯುತ್ತವೆ. ಜೋಡಿಗಳು 23 ಇರುವುದರಿಂದ ಗಾಲಿಯ ಒಂದು ಸುತ್ತಿಗೆ 138 ಹೆಜ್ಜೆಗಳಾದವು.

ಸುರುಳಿಗಳ ಕಾಂತಕ್ಷೇತ್ರವು ಅಯಸ್ಕಾಂತಕ್ಕಿಂತ 90 ಅಂಶ ಮುಂದಿದ್ದಾಗ ಸೆಳೆತವು ಗರಿಷ್ಠ. ಕ್ಷೇತ್ರವು 60 ಅಂಶಕ್ಕೊಮ್ಮೆ ಜಿಗಿಯುವುದರಿಂದ ಈ ಅಂತರವು ಪ್ರತಿ ಹೆಜ್ಜೆಯಲ್ಲಿಯೂ 120ರಿಂದ 60ಕ್ಕೆ ಇಳಿದು ಮತ್ತೆ 120 ಆಗುತ್ತದೆ. ಹೆಜ್ಜೆಯ ಅಂಚಿನಲ್ಲಿಯೂ ಗರಿಷ್ಠದ ಶೇಕಡಾ 87ರಷ್ಟು ಸೆಳೆತ ಉಳಿದಿರುತ್ತದೆ.

ಈಗ ನಮ್ಮಿಂದಲೇ ಆದ ಒಂದು ತಪ್ಪನ್ನು ಹೇಳುವೆವು. ಪಟ್ಟಿಯನ್ನು ಪ್ರತಿಮಾಡುವಾಗ ಬಲಬದಿಯ ಸಾಲುಗಳೆಲ್ಲ ಒಂದೊಂದು ಕೆಳಕ್ಕೆ ಸರಿದುವು. 101ರ ಎದುರಿಗೆ ಗ→ಖ ಬಂದಿತು. ಗಾಲಿ ಕೆಲವೊಮ್ಮೆ ಹೊರಟಿತು, ಕೆಲವೊಮ್ಮೆ ಗುಂಯ್ಗುಟ್ಟಿ ನಿಂತಿತು. ಕೈಯಿಂದ ನೂಕಿದರೆ ಓಡಿತು. ಸಂವೇದಕವು ಕೆಟ್ಟಿದೆಯೆಂದೇ ನಾವು ಬಗೆದೆವು. ಆದರೆ ಗಾಲಿಯನ್ನು ಕೈಯಿಂದ ಮೆಲ್ಲನೆ ತಿರುಗಿಸಿ ಅಳೆದಾಗ ಆರು ಸ್ಥಿತಿಗಳೂ ಕ್ರಮವಾಗಿ ಬಂದುವು.

ಕಾರಣವಿಷ್ಟೆ: ಕ್ಷೇತ್ರವು 60 ಅಂಶ ಹಿಂದುಳಿದಿತ್ತು. ಅಂತರವು 60ರಿಂದ ಸೊನ್ನೆಗೆ ಇಳಿಯುತ್ತಿತ್ತು. ಆದುದರಿಂದ ಅಷ್ಟೇ ವಿದ್ಯುತ್ತಿಗೆ ಸರಾಸರಿ ಸೆಳೆತವು ಸರಿಯಾಗಿ ಅರ್ಧವಾಯಿತು. ಹೆಜ್ಜೆಯ ಕೊನೆಯಲ್ಲಿ ಸೆಳೆತವೇ ಇರಲಿಲ್ಲ. ಗಾಲಿಯು ಆ ಎಡೆಯಲ್ಲಿ ನಿಂತಿದ್ದರೆ ತಾನಾಗಿ ಹೊರಡದು. ನಿಂತ ಸುರುಳಿಗೆ ತಂತಿಯ ರೋಧವೊಂದೇ ತಡೆ: ಅದು 0.2 ಓಮ್ ಆಗಿದ್ದರೆ 36 ವೋಲ್ಟಿಗೆ 180 ಆಂಪಿಯರ್! ವಿದ್ಯುತ್ತನ್ನು 2 ಆಂಪಿಯರಿಗೆ ಮಿತಗೊಳಿಸಿದ ಮೂಲದಿಂದ ನಡೆಸಿದ್ದರಿಂದಲೇ ನಮ್ಮ ಟ್ರಾನ್ಸಿಸ್ಟರುಗಳು ಉಳಿದುವು.

ಸಾಲುಗಳನ್ನು ಒಂದು ಸ್ಥಾನ ಮೇಲಕ್ಕೆ ಸರಿಸಿದೊಡನೆ ಗಾಲಿಯು ಯಾವ ಎಡೆಯಿಂದಲೂ ನೂಕಿಲ್ಲದೆ ಹೊರಟಿತು. ಇನ್ನು ನೀವೇ ಬಂದು ಗಾಲಿಯನ್ನು ತಿರುಗಿಸಿ, ಆರು ಸ್ಥಿತಿಗಳನ್ನು ಓದಿ ನೋಡಬಹುದು.