'ಗೃಹಭಂಗ'ದ ಮೂರು ತಲೆಮಾರು: ಅಕ್ಕಮ್ಮ, ನಂಜಮ್ಮ, ಪಾರ್ವತಿ
(ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಓದುಗರ ಕೂಟದಲ್ಲಿ ಹಳೆಯ ವಿದ್ಯಾರ್ಥಿನಿಯೊಬ್ಬರು ಮಾಡಿದ ಭಾಷಣದ ಬರಹರೂಪ)



ತಾಯಿ ಮಗಳ ಸಂಬಂಧದ ಬಗ್ಗೆ ಒಂದು ಕಾದಂಬರಿ ಆರಿಸಿಕೊಂಡು ಮಾತಾಡಿ ಎಂದು ನನಗೆ ಹೇಳಿದ್ದರು. ನಾನು ಆರಿಸಿಕೊಂಡದ್ದು ಎಸ್.ಎಲ್. ಭೈರಪ್ಪನವರ 'ಗೃಹಭಂಗ'. 1970ರಲ್ಲಿ ಪ್ರಕಟವಾದ ಕಾದಂಬರಿ. ಕತೆ ನಡೆಯುವುದು ತಿಪಟೂರು, ಚನ್ನರಾಯಪಟ್ಟಣದ ಕಡೆಯ ಹಳ್ಳಿಗಳಲ್ಲಿ. ನಮ್ಮ ಹಾಗೆಯೇ ಮಳೆ ನಂಬಿದ ಬಯಲುಸೀಮೆ. ಹಾಗಾಗಿ ಅದರ ಊಟ, ಮಾತು, ಬಡತನ ಯಾವುದನ್ನೂ ನಮಗೆ ಬಿಡಿಸಿ ಹೇಳಬೇಕಾಗಿಲ್ಲ.

ಈ ಪುಸ್ತಕದ ಹೆಸರು ಹೇಳಿದೊಡನೆ ಎಲ್ಲರಿಗೂ ನೆನಪಾಗುವುದು ಬಾಯಿಬಡುಕಿ ಅತ್ತೆ ಗಂಗಮ್ಮ, ಉಂಡಾಡಿ ಗಂಡ ಚೆನ್ನಿಗರಾಯ. ಅತ್ತೆ ಸೊಸೆಯ ಜಗಳ ಅಷ್ಟು ಜೋರಾಗಿ ಕೇಳಿಸುವುದರಿಂದ, ಅದರ ಹಿಂದೆ ಸದ್ದಿಲ್ಲದೆ ನಡೆಯುವ ಇನ್ನೊಂದು ಕತೆ ನಮ್ಮ ಕಿವಿಗೆ ಬೀಳುವುದಿಲ್ಲ. ಅದು ಅಕ್ಕಮ್ಮನಿಂದ ನಂಜಮ್ಮನಿಗೆ, ನಂಜಮ್ಮನಿಂದ ಪಾರ್ವತಿಗೆ ಇಳಿದು ಬರುವ ಕತೆ.

ಮೊದಲು ಗಮನಿಸಬೇಕಾದದ್ದು, ಈ ಸರಪಳಿಯಲ್ಲಿ ಒಂದು ಕೊಂಡಿಯೇ ಇಲ್ಲ. ನಂಜಮ್ಮ ತಾಯಿ ಇಲ್ಲದ ಹುಡುಗಿ. ಅವಳನ್ನು ಸಾಕಿದ್ದು ಅಕ್ಕಮ್ಮ, ಅಂದರೆ ತಂದೆ ಕಂಠೀಜೋಯಿಸರ ತಾಯಿ. ಹೆಣ್ಣುಮಗುವಿಗೆ ಅಜ್ಜಿ ಎಷ್ಟೇ ಪ್ರೀತಿ ಕೊಟ್ಟರೂ, ಮನೆಯ ಯಜಮಾನ ಮಗನೇ ಆಗಿರುವಾಗ ಮೊಮ್ಮಗಳ ಮದುವೆಯ ವಿಚಾರದಲ್ಲಿ ಅವಳ ಮಾತು ಎಷ್ಟು ನಡೆದೀತು? ಜೋಯಿಸರು ಒಂದು ಶಾನುಭೋಗಿಕೆಯ ಮನೆಗೆ ಹೆಣ್ಣು ಕೊಡುತ್ತಾರೆ. ಮನೆತನ ದೊಡ್ಡದು, ಹುಡುಗ ಮಾತ್ರ ಯಾವುದಕ್ಕೂ ಬಾರದವನು. ಈ ವರ ಬೇಡ ಎಂದು ಪಟ್ಟು ಹಿಡಿಯಲು ಹೆತ್ತ ತಾಯಿ ಇಲ್ಲ. ನಂಜಮ್ಮನ ಬಾಳಿನ ಮೊದಲ ಪೆಟ್ಟು ಬೀಳುವುದು ಆ ಖಾಲಿ ಜಾಗದಲ್ಲಿ ಎಂದು ನನಗೆ ಅನ್ನಿಸುತ್ತದೆ.

ಆದರೆ ಅಕ್ಕಮ್ಮ ಕೈ ಚೆಲ್ಲಿ ಕೂರುವವಳಲ್ಲ. ಮೊಮ್ಮಗಳ ಹೆರಿಗೆ, ಬಾಣಂತನಕ್ಕೆ ನಿಲ್ಲುವವಳು ಅವಳೇ. ಬಾಣಂತನ ಎಂದರೆ ಏನೆಂದು ಇಲ್ಲಿರುವ ತಾಯಂದಿರಿಗೆ ಗೊತ್ತು. ಎಣ್ಣೆ ಹಚ್ಚಿ ಬಿಸಿನೀರು ಹೊಯ್ಯುವುದು, ಪಥ್ಯದ ಅಡಿಗೆ ಮಾಡಿ ಹಾಕುವುದು, ರಾತ್ರಿ ಮಗು ಅತ್ತಾಗ ತಾನೆದ್ದು ಬಾಣಂತಿಯನ್ನು ಮಲಗಗೊಡುವುದು. ನಮ್ಮ ಹಳ್ಳಿಗಳಲ್ಲಿ ತಾಯಿ ಮಗಳಿಗೆ 'ನಿನ್ನನ್ನು ಪ್ರೀತಿಸುತ್ತೇನೆ' ಎಂದು ಬಾಯಿಬಿಟ್ಟು ಹೇಳಿದ್ದನ್ನು ನಾನು ಕೇಳಿಲ್ಲ. ಆ ಮಾತಿನ ಬದಲಿಗೆ ಇರುವುದು ಇಂಥ ಕೆಲಸ. ಆದ್ದರಿಂದ ಈ ಕಾದಂಬರಿಯಲ್ಲಿ ತಾಯ್ತನವನ್ನು ಹುಡುಕುವವರು ಸಂಭಾಷಣೆಯಲ್ಲಿ ಹುಡುಕಬಾರದು, ಕೈಗಳು ಏನು ಮಾಡುತ್ತಿವೆ ಎಂದು ನೋಡಬೇಕು.

ಎರಡನೆಯ ತಲೆಮಾರಿಗೆ ಬರೋಣ. ಗಂಡನಿಗೆ ಬಾರದ ಶಾನುಭೋಗಿಕೆಯ ಲೆಕ್ಕವನ್ನು ನಂಜಮ್ಮ ಕಲಿತು, ತಾನೇ ಕೂತು ಬರೆಯುತ್ತಾಳೆ. ಅದೂ ಸಾಲದಾದಾಗ ಮುತ್ತುಗದ ಎಲೆ ಹಚ್ಚಿ ಮಾರುತ್ತಾಳೆ. ಕಾಡಿಗೆ ಹೋಗಿ ಎಲೆ ಕಿತ್ತು ಹೊತ್ತು ತರಬೇಕು, ಹದವಾಗಿ ಒಣಗಿಸಬೇಕು, ಒಂದೊಂದೇ ಎಲೆ ಜೋಡಿಸಿ ಕಡ್ಡಿ ಚುಚ್ಚಬೇಕು, ಕಟ್ಟು ಕಟ್ಟಬೇಕು. ಮಕ್ಕಳೂ ಈ ಕೆಲಸಕ್ಕೆ ಕೈ ಜೋಡಿಸುತ್ತಾರೆ. ಪಾರ್ವತಿ ತನ್ನ ತಾಯಿಯನ್ನು ತಿಳಿದುಕೊಂಡದ್ದು ಇಲ್ಲಿ. ಅಪ್ಪ ದುಡಿಯುವುದಿಲ್ಲ, ಅಜ್ಜಿ ಬೈಯುತ್ತಾಳೆ, ಆದರೂ ಒಲೆ ಉರಿಯುತ್ತಿದೆಯಲ್ಲ, ಅದು ಯಾರ ಕೈಯಿಂದ ಎಂದು ಆ ಹುಡುಗಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಈಗ ನಾನು ಮುಖ್ಯ ಎಂದುಕೊಂಡಿರುವ ಜಾಗಕ್ಕೆ ಬರುತ್ತೇನೆ. ಅದು ಪಾರ್ವತಿಯ ಮದುವೆ. ಆ ಕಾಲದಲ್ಲಿ, ಆ ಜಾತಿಯಲ್ಲಿ, ಹುಡುಗಿ ಮೈನೆರೆಯುವ ಮೊದಲೇ ಮದುವೆ ಆಗಬೇಕಿತ್ತು. ತಡವಾದರೆ ಊರು ಸುಮ್ಮನಿರುತ್ತಿರಲಿಲ್ಲ. ಕೈಯಲ್ಲಿ ಕಾಸಿಲ್ಲ. ಅಂಥ ಇಕ್ಕಟ್ಟಿನಲ್ಲಿ ನಂಜಮ್ಮ ಒಪ್ಪುವುದು ಸೂರ್ಯನಾರಾಯಣ ಎಂಬ ವರನನ್ನು. ಅವನಿಗೆ ಅದು ಎರಡನೆಯ ಸಂಬಂಧ, ಮೊದಲ ಹೆಂಡತಿ ತೀರಿಕೊಂಡಿದ್ದಾಳೆ, ಒಂದು ಮಗುವೂ ಇದೆ. ಇಂದಿನ ಓದುಗರು ಇಲ್ಲಿ ತಟಕ್ಕನೆ ನಿಲ್ಲುತ್ತಾರೆ. ಇಷ್ಟೆಲ್ಲ ಪಾಡು ಪಟ್ಟ ತಾಯಿ ಎಳೆಯ ಮಗಳನ್ನು ಎರಡನೆಯ ಸಂಬಂಧಕ್ಕೆ ಕೊಡಬಹುದೇ ಎಂದು ಕೇಳುತ್ತಾರೆ.

ಎರಡೂ ಮದುವೆಗಳನ್ನು ಪಕ್ಕಪಕ್ಕದಲ್ಲಿ ಇಟ್ಟು ನೋಡಿ. ನಂಜಮ್ಮನನ್ನು ಕೊಟ್ಟದ್ದು ಮನೆತನಕ್ಕೆ, ಪಾರ್ವತಿಯನ್ನು ಕೊಟ್ಟದ್ದು ಮನುಷ್ಯನಿಗೆ. ಸೂರ್ಯನಾರಾಯಣ ಶಾಲಾ ಮೇಷ್ಟ್ರು. ಓದಿದವನು, ತಿಂಗಳ ಸಂಬಳ ತರುವವನು. ನಂಜಮ್ಮನ ಬಾಳಿನಲ್ಲಿ ಯಾವ ಎರಡು ಇರಲಿಲ್ಲವೋ ಅವೆರಡೂ ಈ ವರನಲ್ಲಿ ಇವೆ. ಅವಳು ತನ್ನ ಅನುಭವವನ್ನು ಮಗಳಿಗೆ ಬುದ್ಧಿಮಾತಾಗಿ ಹೇಳುವುದಿಲ್ಲ, ಅದನ್ನು ಒಂದು ತೀರ್ಮಾನವಾಗಿ ಮಾಡಿ ಕೊಡುತ್ತಾಳೆ. ತನಗೆ ಬೇಕಿದ್ದು ಸಿಗದೆ ಹೋದದ್ದನ್ನು ಮಗಳಿಗೆ ಒದಗಿಸುವಾಗ, ಮಗಳಿಗೆ ಬೇಕಾದದ್ದು ಬೇರೆಯೇ ಇದ್ದೀತೇ ಎಂದು ಕೇಳುವ ಅವಕಾಶ ಆ ಕಾಲ ಅವಳಿಗೆ ಕೊಟ್ಟಿರಲಿಲ್ಲ. ಪ್ರೀತಿ ಮತ್ತು ಅದರ ಮಿತಿ ಎರಡೂ ಒಂದೇ ತೀರ್ಮಾನದಲ್ಲಿವೆ. ಚರ್ಚೆಯಲ್ಲಿ ಒಂದನ್ನು ಮಾತ್ರ ಹಿಡಿದರೆ ನಂಜಮ್ಮ ದೇವತೆಯಾಗಿಬಿಡುತ್ತಾಳೆ, ಇಲ್ಲವೇ ಅಪರಾಧಿಯಾಗಿಬಿಡುತ್ತಾಳೆ.

ಆ ಲೆಕ್ಕಾಚಾರ ಸರಿಯಾಗಿತ್ತೇ ಎಂದು ತಿಳಿಯಲು ಕಾದಂಬರಿ ಬಿಡುವುದೇ ಇಲ್ಲ. ಪ್ಲೇಗು ಬರುತ್ತದೆ. ಇಲಿ ಬಿದ್ದರೆ ಊರು ಬಿಟ್ಟು ಹೊರಗೆ ಗುಡಿಸಲು ಹಾಕಿಕೊಳ್ಳುತ್ತಿದ್ದ ಕಾಲ ಅದು. ಮದುವೆಯಾದ ಪಾರ್ವತಿಯೂ ತಮ್ಮ ರಾಮಣ್ಣನೂ ಒಂದೇ ಸಲದ ಪ್ಲೇಗಿನಲ್ಲಿ ಹೋಗಿಬಿಡುತ್ತಾರೆ. ಕಿರಿಯ ಮಗ ವಿಶ್ವ ಉಳಿಯುತ್ತಾನೆ. ಮುಂದೆ ನಂಜಮ್ಮನನ್ನೂ ಪ್ಲೇಗು ಬಿಡುವುದಿಲ್ಲ. ಅಕ್ಕಮ್ಮನಿಂದ ಬಂದ ಎಳೆ ಅಲ್ಲಿಗೆ ಕಡಿಯುತ್ತದೆ. ಮನೆ ಮುರಿಯಿತು ಎಂದರೆ ಆಸ್ತಿ ಹೋಯಿತು, ಅಣ್ಣತಮ್ಮ ಬೇರೆಯಾದರು ಎಂದಷ್ಟೇ ನಾವು ತಿಳಿಯುತ್ತೇವೆ. ಈ ದೃಷ್ಟಿಯಿಂದ ಓದಿದರೆ, ತಾಯಿಯಿಂದ ಕಲಿತದ್ದನ್ನು ಮುಂದಕ್ಕೆ ಕೊಡಲು ಮಗಳು ಉಳಿಯದೆ ಹೋದದ್ದೂ ಗೃಹಭಂಗವೇ.

ಇನ್ನೊಂದು ಮಾತು. ಭೈರಪ್ಪನವರ ಆತ್ಮಕಥೆ 'ಭಿತ್ತಿ'ಯನ್ನು ಓದಿದವರಿಗೆ ಗೊತ್ತಿದೆ, ಅವರೂ ಬಾಲ್ಯದಲ್ಲಿ ತಾಯಿಯನ್ನು, ಒಡಹುಟ್ಟಿದವರನ್ನು ಪ್ಲೇಗಿಗೆ ಕಳೆದುಕೊಂಡವರು. ಅಂದರೆ ತಾಯಿ ಮಗಳ ಈ ಕತೆಯನ್ನು ನಮಗೆ ಹೇಳುತ್ತಿರುವುದು ಇಂಥ ಸಾವುಗಳ ನಡುವೆ ಉಳಿದ ಒಬ್ಬ ಮಗ. ತಾಯಿಯ ದುಡಿಮೆಯನ್ನು ಅವರು ಕಂಡಷ್ಟು ಹತ್ತಿರದಿಂದ ಕಂಡವರು ಕಡಿಮೆ. ಆದರೆ ಪಾರ್ವತಿಯ ಮನಸ್ಸಿನೊಳಗೆ ಕಾದಂಬರಿ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಮದುವೆಯ ಹಿಂದಿನ ರಾತ್ರಿ ಅವಳು ಏನು ಯೋಚಿಸುತ್ತಿದ್ದಳು? ಅದನ್ನು ನಾವೇ ಊಹಿಸಿಕೊಳ್ಳಬೇಕು.

ಹಾಗಾಗಿ ಕೂಟದ ಮುಂದಿನ ಓದಿಗೆ ಸಾರಾ ಅಬೂಬಕ್ಕರ್ ಅವರ 'ಚಂದ್ರಗಿರಿಯ ತೀರದಲ್ಲಿ' ಆಗಬಹುದು ಎಂದು ನನ್ನ ಸಲಹೆ. ಅಲ್ಲಿ ಫಾತಿಮ್ಮ ಎಂಬ ತಾಯಿ, ನಾದಿರಾ ಎಂಬ ಮಗಳು. ಮಗಳ ಸಂಸಾರವನ್ನು ಸ್ವಂತ ಅಪ್ಪನೇ ಮುರಿಯುತ್ತಿದ್ದರೂ ತಾಯಿಗೆ ತಡೆಯಲಾಗುವುದಿಲ್ಲ. ಅಲ್ಲಿ ನಮಗೆ ಮಗಳ ಒಡಲಿನ ಮಾತು ಕೇಳಿಸುತ್ತದೆ. ಎರಡನ್ನೂ ಓದಿ ಒಂದೇ ಪ್ರಶ್ನೆ ಇಟ್ಟುಕೊಂಡು ಕೂರೋಣ: ಮಗಳ ವಿಚಾರದಲ್ಲಿ ತೀರ್ಮಾನ ಮಾಡುವ ಅಧಿಕಾರ ತಾಯಿಗೆ ಎಷ್ಟಿತ್ತು, ಆ ತೀರ್ಮಾನದಲ್ಲಿ ಮಗಳ ಮಾತು ಎಷ್ಟಿತ್ತು?

ಬರುವಾಗ ನಿಮ್ಮ ಮನೆಯ ಅಜ್ಜಿಯರನ್ನೂ ಕರೆತನ್ನಿ. ಪುಸ್ತಕ ಓದಲು ಬಾರದಿದ್ದರೂ ಚಿಂತೆಯಿಲ್ಲ, ನಾವು ಓದಿ ಹೇಳೋಣ. ಎಲೆ ಹಚ್ಚಿದ ಕೈಗಳು ನಮಗಿಂತ ಚೆನ್ನಾಗಿ ನಂಜಮ್ಮನನ್ನು ಬಲ್ಲವು.